ಲಾರಿಯ ಹಿಂಬದಿ ಓದುವ ಮೊದಲು ‘ಶ್ರೀ’ ನೋಡಿ

ಬಳ್ಳಾರಿಯ ಲಾರಿಗಳ ಹಿಂಬದಿಯಲ್ಲೂ ಅಂಗಡಿ ಗೋಡೆಗಳ ಮೇಲೂ ಬರೆದಿರುವುದು ಕನ್ನಡವೋ ತೆಲುಗೋ ತಿಳಿಯುವುದಿಲ್ಲ, ಕನ್ನಡವೇ ಆಗಿದ್ದರೂ ಓದಲು ಬರುವುದಿಲ್ಲ ಎಂದು ಕೇಳಿದ್ದೀರಿ. ಮೈಸೂರು ಕಡೆಯಿಂದ ಬಂದವರೆಲ್ಲ ಕೇಳುವ ಪ್ರಶ್ನೆ ಇದು. 1953ರ ಅಕ್ಟೋಬರ್ 1ರವರೆಗೆ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಅಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಗಡಿ ಗೆರೆ ಎಳೆದವರು ಪೇಂಟರ್‌ಗಳನ್ನೇನೂ ಪಾಲು ಮಾಡಲಿಲ್ಲ. ಇಂದಿಗೂ ಇಲ್ಲಿ ಒಂದೇ ಕೈ ಎರಡೂ ಲಿಪಿ ಬರೆಯುತ್ತದೆ. ಬೆಳಿಗ್ಗೆ ಕನ್ನಡದ ಗೋಡೆ ಮುಗಿಸಿದವರು ಮಧ್ಯಾಹ್ನ ಅದೇ ಕುಂಚ ಹಿಡಿದು ಆಂಧ್ರದ ಲಾರಿಗೆ ತೆಲುಗಿನಲ್ಲಿ ದೇವರ ಹೆಸರು ಬರೆಯುತ್ತಾರೆ.

ತಲೆಕಟ್ಟು ನೋಡಿ ಎಂದು ನಿಮಗೆ ಯಾರೋ ಹೇಳಿರಬಹುದು. ತೆಲುಗಿನಲ್ಲಿ ತಲೆಕಟ್ಟು ಮೇಷ್ಟ್ರು ಹಾಕುವ ರೈಟ್ ಗುರುತಿನಂತೆ ಓರೆಯಾಗಿ ಮೇಲೇಳುತ್ತದೆ, ಕನ್ನಡದಲ್ಲಿ ಅಡ್ಡಗೆರೆಯಾಗಿ ಮಲಗಿ ಬಲತುದಿಯಲ್ಲಿ ಮಡಚಿಕೊಳ್ಳುತ್ತದೆ. ಪುಸ್ತಕದಲ್ಲಿ ಈ ಲೆಕ್ಕ ಸರಿ. ಗೋಡೆಯ ಮೇಲೆ ಇದನ್ನು ನಂಬಿದರೆ ಕೆಟ್ಟಿರಿ. ಪೇಂಟರ್ ತನ್ನ ಕಲೆ ತೋರಿಸಲು ಮೊದಲು ಕೈ ಹಾಕುವುದೇ ತಲೆಕಟ್ಟಿಗೆ. ಅದನ್ನು ಜ್ವಾಲೆ ಮಾಡುತ್ತಾನೆ, ಎಲೆ ಮಾಡುತ್ತಾನೆ, ಇಡೀ ಪದದ ಮೇಲೆ ಒಂದೇ ಪಟ್ಟಿಯಾಗಿ ಎಳೆದು ದೇವನಾಗರಿಯ ಹಾಗೆ ಕಾಣಿಸುತ್ತಾನೆ. ಕನ್ನಡ ಬರೆಯುವಾಗಲೂ ತೆಲುಗಿನ ಅಭ್ಯಾಸದಿಂದ ಓರೆಯಾಗಿ ಎತ್ತಿಬಿಡುವವರು ಇದ್ದಾರೆ. ಇನ್ನು ಬ, ಜ, ಲ, ಣ ಮುಂತಾದ ಅಕ್ಷರಗಳಿಗೆ ಈ ತಲೆಕಟ್ಟೇ ಇಲ್ಲ. ಎರಡೂ ಲಿಪಿಗಳಲ್ಲಿ ಅವುಗಳ ಆಕಾರ ಹೆಚ್ಚುಕಡಿಮೆ ಒಂದೇ. ಅವುಗಳಿಂದ ಏನೂ ತಿಳಿಯುವುದಿಲ್ಲ.

ನಾನು ನೋಡುವುದು ‘ಶ್ರೀ’ ಅಕ್ಷರವನ್ನು. ನಮ್ಮ ಕಡೆ ಅದಿಲ್ಲದೆ ಲಾರಿ ಹೊರಡುವುದು ಅಪರೂಪ, ಅಂಗಡಿ ತೆರೆಯುವುದೂ ಅಪರೂಪ. ಆ ಒಂದೇ ಅಕ್ಷರದಲ್ಲಿ ಎರಡು ಸಾಕ್ಷಿಗಳಿವೆ. ಒಂದು ‘ರ’ದ ಒತ್ತು. ಕನ್ನಡದಲ್ಲಿ ಅದು ಅಕ್ಷರದ ಕೆಳಗೆ ಬಲಬದಿಗೆ ಕೂರುತ್ತದೆ. ತೆಲುಗಿನಲ್ಲಿ ಎಡಬದಿಯಿಂದ ಹೊರಟು ಅಕ್ಷರದ ಅಡಿಯನ್ನು ಬಳಸಿ ಹಿಡಿಯುತ್ತದೆ. ಇನ್ನೊಂದು ದೀರ್ಘ. ಕನ್ನಡದಲ್ಲಿ ಈಕಾರದ ದೀರ್ಘ ಅಕ್ಷರದ ಬಲಕ್ಕೆ ಬೇರೆ ಗುರುತಾಗಿ ನಿಲ್ಲುತ್ತದೆ, ತೆಲುಗಿನಲ್ಲಿ ಅಕ್ಷರದ ತಲೆಯ ಮೇಲಿನ ಸುರುಳಿಯಲ್ಲೇ ಮುಗಿದುಹೋಗುತ್ತದೆ. ಏಕಾರಕ್ಕೂ ಇದೇ ಮಾತು. ಎಷ್ಟೇ ಅಲಂಕಾರ ಮಾಡಿದರೂ ಪೇಂಟರ್ ಇವೆರಡರ ಜಾಗ ಬದಲಿಸುವುದಿಲ್ಲ, ಏಕೆಂದರೆ ಬರೆಯಲು ಕಲಿತಾಗಿನಿಂದ ಕೈ ಹೊರಳುವ ದಿಕ್ಕು ಅದು. ಒತ್ತು ಎಡದಿಂದ ಬಂದಿದೆಯೇ, ಬಲದಲ್ಲಿ ಕೂತಿದೆಯೇ ಎಂದು ನೋಡಿ. ಲಾರಿ ನಿಮ್ಮನ್ನು ದಾಟಿ ಹೋಗುವಷ್ಟರಲ್ಲಿ ಇಷ್ಟು ನೋಡಬಹುದು.

ನೋಂದಣಿ ಸಂಖ್ಯೆಯನ್ನು ನೋಡಿ ತೀರ್ಮಾನಿಸಬೇಡಿ. ಕೆಎ 34 ಬಳ್ಳಾರಿಯದು ನಿಜ, ಆದರೆ ಮಾಲೀಕರ ಮನೆಮಾತು ತೆಲುಗಾಗಿದ್ದರೆ ಹಿಂಬದಿಯಲ್ಲಿ ತೆಲುಗೇ ಇರುತ್ತದೆ.

ಲಿಪಿ ತೀರ್ಮಾನವಾದ ಮೇಲೆ ಪದದ ಕೆಲಸ. ಸಿರುಗುಪ್ಪ ರಸ್ತೆಯ ಗ್ಯಾರೇಜೊಂದರ ಮುಂದೆ ನಿಂತಿದ್ದ ಲಾರಿಯೊಂದನ್ನು ಹೇಗೆ ಓದಿದೆ ಎಂದು ಹೇಳುತ್ತೇನೆ. ಹಿಂಬಾಗಿಲಿಗೆ ಮೂರು ಹಲಗೆಗಳು. ಮೇಲಿನ ಹಲಗೆಯಲ್ಲಿ ಹಳದಿ ಅಕ್ಷರ, ಬಲಕ್ಕೂ ಕೆಳಕ್ಕೂ ಕೆಂಪು ನೆರಳು. ಮೊದಲ ಅಕ್ಷರ ‘ಶ್ರೀ’, ಒತ್ತು ಬಲಕ್ಕೆ, ಕನ್ನಡ ಎಂದಾಯಿತು. ಮುಂದೆ ‘ನೆಟಿಕಂಟಿ’ ಎಂದು ಕಂಡಿತು. ಆಮೇಲೆ ‘ಆಂಜ’, ಬಳಿಕ ಸುಣ್ಣ ಮೆತ್ತಿದ ಒಂದು ಜಾಗ, ಕೊನೆಗೆ ‘ಪ್ರಸನ’.

ನಾನು ಕೊನೆಯಿಂದ ಓದುತ್ತೇನೆ, ಏಕೆಂದರೆ ಕೊನೆಯ ಪದಗಳು ಎಲ್ಲ ಲಾರಿಗಳಲ್ಲೂ ಹೆಚ್ಚುಕಡಿಮೆ ಅವವೇ: ಪ್ರಸನ್ನ, ಕೃಪೆ, ಆಶೀರ್ವಾದ. ‘ಪ್ರಸನ’ ಎಂದರೆ ‘ಪ್ರಸನ್ನ’ವೇ ಇರಬೇಕು. ಹಾಗಿದ್ದರೆ ಒತ್ತು ಎಲ್ಲಿ ಹೋಯಿತು? ಹಲಗೆಯ ಕೆಳಂಚಿಗೆ ಹೋಗಿ ನೋಡಿದರೆ ಅಲ್ಲಿ ಹೊಸ ಕಬ್ಬಿಣದ ಪಟ್ಟಿ ಬಡಿದಿದ್ದರು. ‘ರ’ದ ಒತ್ತು ಬಿಟ್ಟು ಉಳಿದ ಒತ್ತಕ್ಷರಗಳೆಲ್ಲ ಅದರ ಹಿಂದೆ ಸೇರಿದ್ದವು. ಇದು ತಿಳಿದ ಕೂಡಲೇ ‘ನೆಟಿಕಂಟಿ’ ‘ನೆಟ್ಟಿಕಂಟಿ’ ಆಯಿತು: ಗುಂತಕಲ್ಲಿನ ಹತ್ತಿರದ ಕಸಾಪುರದ ನೆಟ್ಟಿಕಂಟಿ ಆಂಜನೇಯ. ಗಡಿಯ ಎರಡೂ ಕಡೆಯವರು ನಡೆದುಕೊಳ್ಳುವ ದೇವರು. ಸುಣ್ಣದ ಕೆಳಗೆ ‘ನೇಯ’ ಇರಬೇಕಾದರೆ ‘ನೇ’ಯ ದೀರ್ಘ ಬಲಕ್ಕೆ ಇಣುಕಬೇಕು ಎಂದು ಹತ್ತಿರ ಹೋಗಿ ನೋಡಿದೆ, ಅದರ ಬಾಲ ಕಂಡಿತು. ದೇವರ ಹೆಸರು ತೆಲುಗು ನಾಡಿನದು, ಬರಹ ಕನ್ನಡದ್ದು. ಇದಕ್ಕೇ ಲಿಪಿಯನ್ನು ಮೊದಲು ತೀರ್ಮಾನಿಸಿ ಎನ್ನುವುದು. ಪದ ನೋಡಿ ಲಿಪಿ ಹೇಳಹೊರಟವರು ಇಲ್ಲಿ ಎಡವುತ್ತಾರೆ.

ಊಹೆಗೆ ನೆರವಾಗಲು ಸುತ್ತಲಿನ ದೇವರುಗಳ ಹೆಸರು ಗೊತ್ತಿರಬೇಕು. ಬಳ್ಳಾರಿಯ ಕನಕದುರ್ಗಮ್ಮ, ಕೊಟ್ಟೂರಿನ ಕೊಟ್ಟೂರೇಶ್ವರ, ಹುಲಿಗಿಯ ಹುಲಿಗೆಮ್ಮ, ಮಂತ್ರಾಲಯದ ರಾಯರು, ಚೇಳ್ಳಗುರ್ಕಿಯ ಎರ್‍ರಿತಾತ. ಇಷ್ಟು ತಿಳಿದರೆ ನಮ್ಮ ರಸ್ತೆಯ ಬಹಳಷ್ಟು ಲಾರಿಗಳ ಮೊದಲ ಸಾಲು ಬಿಚ್ಚಿಕೊಳ್ಳುತ್ತದೆ. ಆದರೆ ಊಹೆ ಮಾಡಿದ ಮೇಲೆ ಅದನ್ನು ಅಕ್ಷರದ ಮೇಲೆ ಇಟ್ಟು ನೋಡಲೇಬೇಕು. ಎಣಿಕೆ ಕೂಡದಿದ್ದರೆ, ಒಂದು ಕೊಂಬು ಹೆಚ್ಚಾಗಿದ್ದರೆ, ಊಹೆಯನ್ನೇ ಬಿಡಬೇಕು. ಕೊಂಬನ್ನು ಬಿಡಬಾರದು.

ಹಳೆಯ ಲಾರಿಗಳಲ್ಲಿ ಇನ್ನೊಂದು ಕಾಟವಿದೆ. ಕೈ ಬದಲಾದಾಗ ಹೊಸ ಮಾಲೀಕರು ಹಳೆಯ ಹೆಸರಿನ ಮೇಲೆ ಒಂದು ಕೈ ಬಣ್ಣ ಬಳಿಸಿ ತಮ್ಮದನ್ನು ಬರೆಸುತ್ತಾರೆ. ಎರಡು ಬೇಸಿಗೆಯ ಬಿಸಿಲಿಗೆ ಮೇಲಿನ ಬಣ್ಣ ತೆಳುವಾಗಿ ಕೆಳಗಿನ ಅಕ್ಷರ ಎದ್ದು ಬರುತ್ತದೆ, ಆಗ ಎರಡು ಹೆಸರುಗಳು ಕಲಸಿ ಯಾವ ಭಾಷೆಯೂ ಅಲ್ಲದ ಪದವೊಂದು ಹುಟ್ಟುತ್ತದೆ. ಅಲ್ಲಿ ನೆರಳಿನ ದಿಕ್ಕನ್ನು ಹಿಡಿಯಿರಿ. ಒಂದು ಬರಹದಲ್ಲಿ ನೆರಳನ್ನು ಒಂದೇ ಕಡೆಗೆ ಹಾಕಿರುತ್ತಾರೆ. ಉಳಿದದ್ದರ ನೆರಳು ಬಲಕ್ಕಿದ್ದು ಒಂದು ಗೆರೆಯದು ಮಾತ್ರ ಎಡಕ್ಕಿದ್ದರೆ ಆ ಗೆರೆ ಹಿಂದಿನ ಮಾಲೀಕರದು. ಎರಡೂ ಬರಹಗಳ ನೆರಳು ಒಂದೇ ಕಡೆಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಬಣ್ಣದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, ಮೇಲಿನ ಪದರದ ಅಂಚು ಬೆರಳಿಗೆ ತಡೆಯುತ್ತದೆ. ಮುಟ್ಟುವ ಮೊದಲು ಚಾಲಕರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಗೋಡೆ ಬರಹದಲ್ಲಿ ತೊಡಕು ಬೇರೆ. ಅಲ್ಲಿ ಜಾಗಕ್ಕೆ ಬರವಿಲ್ಲ, ಅಕ್ಷರ ದೊಡ್ಡದಾಗಿರುತ್ತದೆ, ಆದರೆ ದಪ್ಪ ಕುಂಚ ಸಣ್ಣ ಗುರುತುಗಳನ್ನು ನುಂಗುತ್ತದೆ. ಮಹಾಪ್ರಾಣದ ಸೀಳು ಮುಚ್ಚಿಹೋಗಿ ‘ಧ’ ‘ದ’ ಆಗುತ್ತದೆ, ‘ಮ’ ಯಾವುದು ‘ವು’ ಯಾವುದು ಎಂದು ತಿಳಿಯುವುದಿಲ್ಲ. ಇದಕ್ಕೆ ಮದ್ದು ಅದೇ ಗೋಡೆಯಲ್ಲಿದೆ: ಅನುಮಾನವಿಲ್ಲದ ಪದವೊಂದರಲ್ಲಿ ಅದೇ ಅಕ್ಷರವನ್ನು ಹುಡುಕಿ ಪಕ್ಕದಲ್ಲಿಟ್ಟು ಹೋಲಿಸುವುದು. ‘ಮಾರಾಟ’ದ ‘ಮ’ ಹೇಗಿದೆ ಎಂದು ಗೊತ್ತಾದರೆ ಮಾಲೀಕರ ಹೆಸರಿನ ‘ಮ’ವೂ ಹಾಗೆಯೇ ಇರುತ್ತದೆ.

ಕಾಗುಣಿತ ಮಾತ್ರ ತಿದ್ದಲು ಹೋಗಬೇಡಿ. ಇಲ್ಲಿ ನಾಲಿಗೆ ಹೇಳಿದ್ದನ್ನು ಕೈ ಬರೆಯುತ್ತದೆ: ‘ಹೋಟೆಲ್’ ‘ಓಟಲ್’ ಆಗಿರಬಹುದು, ‘ಶಾಪ್’ ತೆಲುಗರ ಬಾಯಲ್ಲಿ ಉಕಾರ ಸೇರಿಸಿಕೊಂಡು ‘ಷಾಪು’ ಆಗಿರಬಹುದು. ಗಟ್ಟಿಯಾಗಿ ಓದಿದರೆ ಅರ್ಥವಾಗುತ್ತದೆ. ನೀವು ಬರೆದುಕೊಳ್ಳುವುದಾದರೆ ಗೋಡೆಯಲ್ಲಿದ್ದಂತೆಯೇ ಒಂದು ಸಾಲು, ನೀವು ಓದಿದ್ದು ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ. ಎರಡನ್ನೂ ಬೆರೆಸಿದರೆ ಆಮೇಲೆ ನಾವು ಯಾರೂ ನಿಮಗೆ ನೆರವಾಗಲು ಆಗುವುದಿಲ್ಲ.