ಬೆಲ್ಲದ ರಾಗಿ ಮಾಲ್ಟ್: ಗಂಟು ಮತ್ತು ಹಸಿ ವಾಸನೆ

ಪ್ರಶ್ನೆ: ಬೆಂಗಳೂರಿನ ಪಾರ್ಕ್ ಬಳಿ ಬೆಳಗ್ಗೆ ಸಿಗುವಂಥ ರಾಗಿ ಮಾಲ್ಟ್ ಮನೆಯಲ್ಲಿ ಮಾಡಿದರೆ ಗಂಟಾಗುತ್ತದೆ, ಹಸಿ ಹಿಟ್ಟಿನ ರುಚಿಯೂ ಉಳಿಯುತ್ತದೆ. ಏಕೆ?

ಉತ್ತರ: ಒಣ ಹಿಟ್ಟು ಬಿಸಿ ನೀರಿಗೆ ಬಿದ್ದೊಡನೆ ಅದರ ಹೊರಪದರದ ಪಿಷ್ಟ ಉಬ್ಬಿ ಅಂಟಾಗುವುದರಿಂದ, ಒಳಗಿನ ಹಿಟ್ಟಿಗೆ ನೀರು ತಲುಪದೆ ಗಂಟು ಉಳಿಯುತ್ತದೆ. ಆದ್ದರಿಂದ ಇಬ್ಬರಿಗೆ ಎರಡು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿಕೊಳ್ಳಿ. ಒಂದೂವರೆ ಲೋಟ ನೀರು ಕುದಿ ಬಂದಾಗ ಉರಿ ತಗ್ಗಿಸಿ, ತಳಕ್ಕಿಳಿದ ಹಿಟ್ಟನ್ನು ಮತ್ತೊಮ್ಮೆ ಕಲಕಿ, ಒಂದು ಕೈಯಲ್ಲಿ ಸಣ್ಣ ಧಾರೆಯಾಗಿ ಸುರಿಯುತ್ತ ಇನ್ನೊಂದು ಕೈಯಲ್ಲಿ ಬಿಡದೆ ತಿರುವಿ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಎರಡೇ ನಿಮಿಷದಲ್ಲಿ ಅದು ಗಟ್ಟಿಯಾದರೂ ಬೆಂದಿರುವುದಿಲ್ಲ. ಸಣ್ಣ ಉರಿಯಲ್ಲಿ ಇನ್ನೂ ಆರೇಳು ನಿಮಿಷ ಕುದಿಸಬೇಕು. ಮಂಕಾದ ಬೂದು ಬಣ್ಣ ಗಾಢ ಕಂದಾಗಿ, ಮೇಲೆ ಹೊಳಪು ಬಂದು, ಆವಿಯಲ್ಲಿ ಹಸಿ ಹಿಟ್ಟಿನ ಬದಲು ಬೆಂದ ಮುದ್ದೆಯ ಪರಿಮಳ ಬಂದರೆ ಬೆಂದಿದೆ ಎಂದರ್ಥ. ನಡುವೆ ತೀರ ಗಟ್ಟಿಯಾದರೆ ಬಿಸಿ ನೀರು ಸೇರಿಸಿ, ಉರಿ ಆರಿಸಬೇಡಿ.

ಬೆಲ್ಲವನ್ನು ಮೊದಲೇ ಹಾಕಬಾರದು, ಏಕೆಂದರೆ ಸಿಹಿ ನೀರಿನಲ್ಲಿ ಪಿಷ್ಟ ನಿಧಾನವಾಗಿ ಬೇಯುತ್ತದೆ. ಮೂರು ಚಮಚ ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಕಸ ಸೋಸಿ, ಕೊನೆಯಲ್ಲಿ ಏಲಕ್ಕಿಯೊಂದಿಗೆ ಬೆರೆಸಿ. ಬೆಲ್ಲದೊಂದಿಗೆ ಕುದಿದರೆ ಹಾಲು ಒಡೆಯಬಹುದಾದ್ದರಿಂದ, ಮಾಲ್ಟನ್ನು ಒಲೆಯಿಂದ ಇಳಿಸಿ, ಅದು ಸ್ವಲ್ಪ ಆರಿದ ಮೇಲೆಯೇ ಕಾಯಿಸಿದ ಹಾಲನ್ನು ಸೇರಿಸಿ.

ಇಷ್ಟಾಗಿಯೂ ಗಂಟು ಕಂಡರೆ ಜರಡಿಯಲ್ಲಿ ಸೋಸಿ, ಉಳಿದದ್ದನ್ನು ಚಮಚದಿಂದ ಉಜ್ಜಿ ಇಳಿಸಿ, ಹಾಲು ಬೆರೆಸುವ ಮೊದಲೇ ಇನ್ನೆರಡು ನಿಮಿಷ ಕುದಿಸಿ. ಗಂಟಿನೊಳಗಿನ ಹಿಟ್ಟು ಆಗಲೇ ಬೇಯುವುದು.