ಅಂಗಡಿಯ ಖಾತೆ ಪುಸ್ತಕ ಎಕ್ಸೆಲ್‌ಗೆ: ಬಾಕಿ ತಾಳೆಯಾಗದಿದ್ದಾಗ

ಪ್ರಶ್ನೆ: ಗದಗಿನಲ್ಲಿ ನಮ್ಮದು ಕಿರಾಣಿ ಅಂಗಡಿ. ತಂದೆಯವರು ಕೈಯಲ್ಲಿ ಬರೆದ ಉದ್ರಿ ಖಾತೆ ಪುಸ್ತಕವನ್ನು ನೋಡಿ ಎಕ್ಸೆಲ್‌ಗೆ ಇಳಿಸುತ್ತಿದ್ದೇನೆ. ಪುಟದ ಕೊನೆಯ ಬಾಕಿ ಪುಸ್ತಕದ ಬಾಕಿಗೆ ಕೂಡುವುದೇ ಇಲ್ಲ. ಪ್ರತಿ ಸಲ ಇಡೀ ಪುಟವನ್ನು ಮತ್ತೆ ಓದಬೇಕೇ?

ಉತ್ತರ: ಬೇಡ. ಪುಸ್ತಕದಲ್ಲಿ ಸಾಲು ಸಾಲಿಗೂ ಬರೆದಿರುವ ಬಾಕಿಯೇ ನಿಮ್ಮ ತಪ್ಪನ್ನು ತೋರಿಸಿಕೊಡುತ್ತದೆ. ಹೆಚ್ಚಿನವರು ಉದ್ರಿ, ಜಮಾ ಎರಡನ್ನೇ ಹಾಕಿ ಬಾಕಿಯನ್ನು ಎಕ್ಸೆಲ್‌ಗೆ ಬಿಡುತ್ತಾರೆ. ಆಗ ಹೋಲಿಸಲು ಏನೂ ಉಳಿಯುವುದಿಲ್ಲ. ಪುಸ್ತಕದ ಬಾಕಿಯನ್ನೂ ಇದ್ದದ್ದು ಇದ್ದಂತೆ ಒಂದು ಕಾಲಂನಲ್ಲಿ ಹಾಕಿ.

A ಪುಟ, B ತಾರೀಖು, C ವಿವರ, D ಉದ್ರಿ, E ಜಮಾ, F ಪುಸ್ತಕದ ಬಾಕಿ. ಎರಡನೇ ಸಾಲಿನ F2ದಲ್ಲಿ ‘ಹಿಂದಿನ ಬಾಕಿ’ ಮಾತ್ರ ಇರಲಿ. ಮೂರನೇ ಸಾಲಿನಲ್ಲಿ G3, H3ಗೆ ಈ ಸೂತ್ರಗಳನ್ನು ಹಾಕಿ ಪುಟದ ಕೊನೆಯವರೆಗೆ ಎಳೆಯಿರಿ:

```
G3: =ROUND(F$2+SUM(D$3:D3)-SUM(E$3:E3),2)
H3: =IF(F3="","",ROUND(G3-F3,2))
```

G ಎಂದರೆ ಲೆಕ್ಕದ ಬಾಕಿ, H ಎಂದರೆ ವ್ಯತ್ಯಾಸ. ಬಾಕಿ ಬರೆಯದೆ ಬಿಟ್ಟ ಸಾಲುಗಳಲ್ಲಿ H ಖಾಲಿ ಇರುತ್ತದೆ. ಉಳಿದೆಡೆ ಸೊನ್ನೆ ಬರಬೇಕು.

ಸೊನ್ನೆ ಬರದಿದ್ದರೆ H ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಿ. ಒಂದೇ ಸಾಲಿನಲ್ಲಿ ವ್ಯತ್ಯಾಸ ತೋರಿಸಿ ಮುಂದಿನ ಸಾಲಿನಲ್ಲಿ ಮೊದಲಿನಂತಾದರೆ, ಆ ಸಾಲಿನ ಬಾಕಿಯನ್ನು ತಪ್ಪಾಗಿ ಓದಿದ್ದೀರಿ. ಒಂದು ಸಾಲಿನಲ್ಲಿ ಶುರುವಾಗಿ ಕೆಳಗಿನವರೆಗೂ ಅಷ್ಟೇ ಉಳಿದರೆ, ಆ ಸಾಲಿನ ಉದ್ರಿ ಅಥವಾ ಜಮಾ ತಪ್ಪಿದೆ. ಇಲ್ಲವೇ ಪುಸ್ತಕದಲ್ಲೇ ಕೂಡುವಾಗ ತಪ್ಪಾಗಿದೆ. ಯಾವಾಗಲೂ ಮೇಲಿನ ತಪ್ಪನ್ನು ಮೊದಲು ಸರಿಪಡಿಸಿ, ಏಕೆಂದರೆ ಅದು ಕೆಳಗಿನ ಎಲ್ಲ ಸಾಲುಗಳನ್ನೂ ಕೆಡಿಸಿರುತ್ತದೆ.

ಒಂದು ಪುಟ ತೆಗೆದುಕೊಳ್ಳೋಣ. ಹಿಂದಿನ ಬಾಕಿ 1240. ಮೊದಲ ಉದ್ರಿ 385, ಪುಸ್ತಕದ ಬಾಕಿ 1625, H ಸೊನ್ನೆ. ಎರಡನೆಯದು 450 ಎಂದು ಹಾಕಿದ್ದೀರಿ, ಪುಸ್ತಕದ ಬಾಕಿ 2165, H −90. ಮೂರನೆಯದು ಜಮಾ 1000, ಬಾಕಿ 1165, ಮತ್ತೆ −90. ವ್ಯತ್ಯಾಸ ಎರಡನೇ ಸಾಲಿನಿಂದ ಮುಂದುವರಿದಿದೆ. 90 ಒಂಬತ್ತರಿಂದ ಭಾಗವಾಗುತ್ತದೆ. ಅಕ್ಕಪಕ್ಕದ ಅಂಕಿ ಅದಲು ಬದಲಾದಾಗ ವ್ಯತ್ಯಾಸ ಯಾವಾಗಲೂ ಹೀಗೆಯೇ ಬರುತ್ತದೆ. ಪುಸ್ತಕ ನೋಡಿದರೆ ಅದು 540.

ತಿದ್ದಿದ ಮೇಲೆ ನಾಲ್ಕನೇ ಸಾಲು: ಉದ್ರಿ 275, ನೀವು ಹಾಕಿದ ಬಾಕಿ 1940, H −500. ಐದನೇ ಸಾಲು: ಉದ್ರಿ 120, ಬಾಕಿ 1560, H ಸೊನ್ನೆ. ಒಂದೇ ಸಾಲಿನ ತಪ್ಪು, ಅಂದರೆ ಬಾಕಿ 1440; ಅವಸರದಲ್ಲಿ ಬರೆದ 4 ನಿಮಗೆ 9 ಆಗಿ ಕಂಡಿದೆ. ಆರನೆಯದು ಉದ್ರಿ 165, ಬಾಕಿ 1625, H +100, ಕೆಳಗೂ ಅಷ್ಟೇ. ಪುಸ್ತಕದಲ್ಲಿ ಎರಡೂ ಅಂಕಿ ಸ್ಪಷ್ಟವಾಗಿವೆ. 1560ಕ್ಕೆ 165 ಕೂಡಿದರೆ 1725. ಕೈಯಲ್ಲಿ ಉಳಿದ ಒಂದನ್ನು ಸೇರಿಸುವುದು ಬಿಟ್ಟುಹೋಗಿದೆ. ಇದು ಪುಸ್ತಕದ ತಪ್ಪು. ಇಲ್ಲಿ ಏನನ್ನೂ ತಿದ್ದದೆ, ಮುಂದಿನ ಕಾಲಂನಲ್ಲಿ ‘ಕೂಡುವಾಗ 100 ಕಡಿಮೆ’ ಎಂದು ಬರೆದಿಡಿ. ಗಿರಾಕಿಯ ಹತ್ತಿರ ಆ ನೂರು ಕೇಳಬೇಕೋ ಬಿಡಬೇಕೋ ಎಂಬುದು ತಂದೆಯವರ ತೀರ್ಮಾನ.

ಜಮಾ ಹಣವನ್ನು ಉದ್ರಿ ಕಾಲಂಗೆ ಹಾಕಿಬಿಟ್ಟರೆ ವ್ಯತ್ಯಾಸ ಎರಡು ಪಟ್ಟು ಬರುತ್ತದೆ. ಹಾಗಾಗಿ ವ್ಯತ್ಯಾಸದ ಅರ್ಧದಷ್ಟು ಮೊತ್ತ ಪುಟದಲ್ಲಿದೆಯೇ ಎಂದು ಹುಡುಕುವುದು ಒಳ್ಳೆಯದು.

ಓದಿದ್ದು ಸರಿಯಿದ್ದರೂ ಟೈಪ್ ಮಾಡುವಾಗ ಕೆಡುವುದುಂಟು. ಪುಸ್ತಕದಲ್ಲಿದ್ದಂತೆ 500/- ಎಂದು ಹಾಕಿದರೆ ಎಕ್ಸೆಲ್ ಅದನ್ನು ಅಕ್ಷರವೆಂದು ತಿಳಿದು ಕೂಡುವುದೇ ಇಲ್ಲ. ಹನ್ನೆರಡು ರೂಪಾಯಿ ಐವತ್ತು ಪೈಸೆಯನ್ನು 12-50 ಎಂದು ಹಾಕಿದರೆ ತಾರೀಖಾಗಿಬಿಡುತ್ತದೆ, 12.50 ಎಂದೇ ಹಾಕಿ. ಅಕ್ಷರವಾಗಿ ಕುಳಿತ ಮೊತ್ತಗಳೆಷ್ಟು ಎಂದು ನೋಡಲು `=COUNTA(D3:E32)-COUNT(D3:E32)` ಸಾಕು, ಸೊನ್ನೆ ಬರಬೇಕು. ತಾರೀಖಾಗಿ ಹೋದದ್ದನ್ನು ಇದು ಹಿಡಿಯುವುದಿಲ್ಲ, ಆದರೆ H ಕಾಲಂನಲ್ಲಿ ದೊಡ್ಡ ವ್ಯತ್ಯಾಸವಾಗಿ ಎದ್ದು ಕಾಣುತ್ತದೆ.

ಅಳಿಸಿದ, ಮೇಲೆ ಮೇಲೆ ತಿದ್ದಿದ ಅಂಕಿಯನ್ನು ಬಾಕಿಯಿಂದ ಹಿಂದಕ್ಕೆ ಲೆಕ್ಕ ಮಾಡಿ ತುಂಬಬಹುದು. ಆದರೆ ಹಾಗೆ ತುಂಬಿದ ಸಾಲಿನಲ್ಲಿ H ಸೊನ್ನೆ ಬಂದೇ ಬರುತ್ತದೆ, ಅದು ಪರೀಕ್ಷೆಯಾಗುವುದಿಲ್ಲ. ಅಂಥ ಕೋಶಕ್ಕೆ ಹಳದಿ ಬಣ್ಣ ಕೊಡಿ.

ಪ್ರತಿ ಹೊಸ ಪುಟಕ್ಕೂ ಪುಸ್ತಕದಲ್ಲಿರುವ ಹಿಂದಿನ ಬಾಕಿಯಿಂದಲೇ ಸೂತ್ರವನ್ನು ಹೊಸದಾಗಿ ಶುರುಮಾಡಿ, F$2 ಜಾಗದಲ್ಲಿ ಆ ಸಾಲಿನ ಸಂಖ್ಯೆಯೂ D$3, E$3 ಜಾಗದಲ್ಲಿ ಅದರ ಮುಂದಿನ ಸಾಲಿನ ಸಂಖ್ಯೆಯೂ ಬರಲಿ. ಒಂದು ಪುಟದ ತಪ್ಪು ಇನ್ನೊಂದಕ್ಕೆ ಹರಿಯುವುದಿಲ್ಲ. ಹಳೆಯ ಪುಟದ ಕೊನೆಯ ಬಾಕಿಯೂ ಹೊಸ ಪುಟದ ಮೊದಲ ಅಂಕಿಯೂ ಒಂದೇ ಆಗಿವೆಯೇ ಎಂದು ಬೇರೆಯಾಗಿ ನೋಡಿ. ಪುಟ ತಿರುವಿ ಎತ್ತಿ ಬರೆಯುವಾಗ ಆದ ತಪ್ಪು ಪುಟದೊಳಗಿನ ಯಾವ ತಾಳೆಯಲ್ಲೂ ಕಾಣಿಸುವುದಿಲ್ಲ.