44 ಹೆಜ್ಜೆ ನಡೆದರೂ sin n ಹಳೆಯ ಜಾಗಕ್ಕೆ ಬರುವುದಿಲ್ಲ

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ವಿದ್ಯಾರ್ಥಿ, ಊರು ಉಡುಪಿ. sin n ಮೇಲೆ ಕೆಳಗೆ ಆಡುತ್ತದೆ, ಹಾಗಾಗಿ ಲಿಮಿಟ್ ಇಲ್ಲ ಅಂತ ಬರೆದರೆ ಸಾಕಲ್ವಾ? ಗ್ರಾಫ್ ಹಾಕಿ ನೋಡಿದೆ, 44 ಹೆಜ್ಜೆಗೊಮ್ಮೆ ಅದೇ ಬೆಲೆ ಬರುತ್ತದೆ. ಹಾಗಾದರೆ ಲಿಮಿಟ್ ಪಾಯಿಂಟ್‌ಗಳು 44 ಮಾತ್ರವೇ?

ಉತ್ತರ: ಸಾಕಾಗುವುದಿಲ್ಲ. ಪೇಪರ್ ತಿದ್ದಲು ಕೂತಾಗಲೆಲ್ಲ ಈ ಒಂದು ವಾಕ್ಯ ನೋಡಿ ನೋಡಿ ನನಗೆ ಸಿಟ್ಟು ಬಂದಿದೆ. sin(πx) ಕೂಡ ಮೇಲೆ ಕೆಳಗೆ ಆಡುತ್ತದೆ. ಆದರೆ x ಜಾಗದಲ್ಲಿ 1, 2, 3 ಹಾಕುತ್ತಾ ಹೋಗಿ, ಪ್ರತಿ ಸಲವೂ ಸೊನ್ನೆಯೇ ಬರುತ್ತದೆ. ಅಂದರೆ ಆ ಅನುಕ್ರಮಕ್ಕೆ ಲಿಮಿಟ್ ಇದೆ. ಅಲೆ ಆಡಿದರೆ ಸಾಲದು, ಪೂರ್ಣಾಂಕಗಳು ಅಲೆಯ ಮೇಲೆ ಎಲ್ಲಿ ಬೀಳುತ್ತವೆ ಅಂತ ತೋರಿಸಬೇಕು.

ರಥಬೀದಿಯಲ್ಲಿ ಸುತ್ತು ಬರುತ್ತಿದ್ದೀರಿ ಅಂದುಕೊಳ್ಳಿ. ಬೀದಿ ಸರಿಯಾಗಿ ವೃತ್ತವಾಗಿದೆ, ಒಂದು ಸುತ್ತಿನ ಉದ್ದ 2π, ನಿಮ್ಮ ಒಂದು ಹೆಜ್ಜೆ 1. n ಹೆಜ್ಜೆ ಆದಮೇಲೆ ನೀವು ನಿಂತ ಜಾಗದ ಎತ್ತರವೇ sin n. ಈಗ π/4 ರಿಂದ 3π/4 ವರೆಗಿನ ತುಂಡು ನೋಡಿ. ಅದರ ಉದ್ದ ಸುಮಾರು 1.57. ಹೆಜ್ಜೆ 1 ಮಾತ್ರ, ಆದ್ದರಿಂದ ಆ ತುಂಡನ್ನು ಹಾರಿ ದಾಟಲು ಆಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆಯಾದರೂ ಅದರೊಳಗೆ ಬೀಳಲೇಬೇಕು. ಅಲ್ಲಿ sin n ಬೆಲೆ 0.7ಕ್ಕಿಂತ ಜಾಸ್ತಿ. ಎದುರಿನ ತುಂಡಿನಲ್ಲೂ ಹೀಗೇ, ಅಲ್ಲಿ −0.7ಕ್ಕಿಂತ ಕಡಿಮೆ. ಎರಡೂ ಕೊನೆಯಿಲ್ಲದಷ್ಟು ಸಲ ಆಗುತ್ತದೆ. ಒಂದೇ ಸಂಖ್ಯೆ ಎರಡಕ್ಕೂ ಹತ್ತಿರ ಇರಲಾರದು, ಹಾಗಾಗಿ ಲಿಮಿಟ್ ಇಲ್ಲ. ಪರೀಕ್ಷೆಯಲ್ಲಿ ಇಷ್ಟು ಬರೆಯಿರಿ.

ಇನ್ನು ನಿಮ್ಮ 44. ಗ್ರಾಫ್ ಹಾಕಿ ನೋಡಿದ್ದು ಒಳ್ಳೆಯದೇ, ಆದರೆ ಬೆಲೆಗಳನ್ನು ಓದಲಿಲ್ಲ ಅಲ್ವಾ? sin 1 = 0.8415, sin 45 = 0.8509, sin 89 = 0.8601. ಬೆಲೆ ಜರುಗುತ್ತಿದೆ. 7 ಸುತ್ತು ಅಂದರೆ 14π, ಅದು 43.9823. 44 ಹೆಜ್ಜೆ ಹಾಕಿದಾಗ 7 ಸುತ್ತು ಮುಗಿದು 0.0177ರಷ್ಟು ಮುಂದೆ ಹೋಗಿರುತ್ತೀರಿ. ನಿಮ್ಮ ಗೊಂದಲಕ್ಕೆ ಕಾರಣ ಈ ಪುಟ್ಟ ಜರುಗು. ನಿಜವಾದ ಉತ್ತರವೂ ಅದರಲ್ಲೇ ಇದೆ.

ಅನುಕ್ರಮದ ಬೆಲೆಗಳು ಕೊನೆಯಿಲ್ಲದಷ್ಟು ಸಲ ಎಷ್ಟು ಬೇಕಾದರೂ ಹತ್ತಿರ ಬರುವ ಸಂಖ್ಯೆಯೇ ಲಿಮಿಟ್ ಪಾಯಿಂಟ್. ಉದಾಹರಣೆಗೆ 0.5ಕ್ಕೆ ಹತ್ತಿರ ಬರಬೇಕು ಅಂದುಕೊಳ್ಳಿ. ಅದರ ಕೋನ π/6, ಅಂದರೆ 0.5236. ಸೊನ್ನೆಯಿಂದ ಹೊರಟು 44 ಹೆಜ್ಜೆಗಳ ಕಟ್ಟನ್ನು 29 ಸಲ ಹಾಕಿ. n = 1276, sin 1276 = 0.4911. ಇನ್ನೂ ಹತ್ತಿರ ಬೇಕಾ? 710 ಹೆಜ್ಜೆಗೆ 113 ಸುತ್ತು ಮುಗಿದು ಬರೇ 0.00006 ಮುಂದೆ ಹೋಗುತ್ತೀರಿ. ಆ ಕಟ್ಟನ್ನು 169 ಸಲ ಸೇರಿಸಿ. n = 121266, sin n = 0.49998.

ಎಷ್ಟು ಚಿಕ್ಕ ಜರುಗು ಕೇಳಿದರೂ ಸಿಗುತ್ತದಾ? ಸಿಗುತ್ತದೆ. ಬೀದಿಯನ್ನು ಸಮನಾಗಿ 1000 ತುಂಡು ಮಾಡಿ, 1001 ಹೆಜ್ಜೆ ಹಾಕಿ. ಎರಡು ಹೆಜ್ಜೆ ಒಂದೇ ತುಂಡಿನಲ್ಲಿ ಬೀಳಲೇಬೇಕು. ಅವುಗಳ ನಡುವೆ ನಡೆದ ಹೆಜ್ಜೆಗಳೇ ನಿಮ್ಮ ಹೊಸ ಕಟ್ಟು, ಅದರ ಜರುಗು ಒಂದು ತುಂಡಿಗಿಂತ ಜಾಸ್ತಿ ಇರುವುದಿಲ್ಲ. 1000 ಬದಲು ಲಕ್ಷ ತುಂಡು ಮಾಡಿದರೂ ಇದೇ ಮಾತು. ಜರುಗು ಸೊನ್ನೆ ಆಗಬಾರದು, ಅದನ್ನು ಕಾಯುವುದು π ಅಭಾಗಲಬ್ಧ ಎಂಬ ಸಂಗತಿ. ಲ್ಯಾಂಬರ್ಟ್ 18ನೇ ಶತಮಾನದಲ್ಲೇ ಅದನ್ನು ಸಾಧಿಸಿದ್ದಾರೆ. ಇದನ್ನು ಹೇಳದೆ ಬಿಟ್ಟರೆ ಸಾಧನೆ ಬಿದ್ದು ಹೋಗುತ್ತದೆ, ನಾನು ಮಾರ್ಕು ಕಳೆಯುತ್ತೇನೆ.

ಆ ಚಿಕ್ಕ ಜರುಗಿನಲ್ಲಿ ಮತ್ತೆ ಮತ್ತೆ ಸುತ್ತು ಬಂದರೆ ಬೀದಿಯ ಯಾವ ಜಾಗವೂ ತಪ್ಪುವುದಿಲ್ಲ. ಪ್ರತಿ ಸುತ್ತಿನಲ್ಲೂ ಅದರ ಪಕ್ಕದಲ್ಲೇ ಹಾದು ಹೋಗುತ್ತೀರಿ. ಆದ್ದರಿಂದ −1 ರಿಂದ 1 ವರೆಗಿನ ಪ್ರತಿಯೊಂದು ಸಂಖ್ಯೆಯೂ ಲಿಮಿಟ್ ಪಾಯಿಂಟ್. sin ಅದರಾಚೆ ಹೋಗುವುದೇ ಇಲ್ಲ, ಹಾಗಾಗಿ ಬೇರೆ ಲಿಮಿಟ್ ಪಾಯಿಂಟ್ ಇಲ್ಲ. ಉತ್ತರ [−1, 1], ಎರಡೂ ತುದಿ ಸೇರಿ.

ಪ್ರಶ್ನೆ: ಟ್ಯೂಷನ್ ನೋಟ್ಸಿನಲ್ಲಿ ಲಿಮಿಟ್ ಪಾಯಿಂಟ್ −1 ಮತ್ತು 1 ಎರಡೇ ಅಂತ ಇದೆ, ಸರಿಯಾ?

ಉತ್ತರ: ತಪ್ಪು. ಅದು (−1)ⁿ ನ ಉತ್ತರ, ಯಾರೋ ಇಲ್ಲಿಗೆ ತಂದು ಅಂಟಿಸಿದ್ದಾರೆ. ಆ ನೋಟ್ಸ್ ನಂಬಬೇಡಿ.

ಪ್ರಶ್ನೆ: sin n ಯಾವಾಗಲಾದರೂ ಸರಿಯಾಗಿ 1 ಆಗುತ್ತದಾ?

ಉತ್ತರ: ಇಲ್ಲ. ಆಗಿದ್ದರೆ π ಭಿನ್ನರಾಶಿ ಆಗುತ್ತಿತ್ತು.

ಪ್ರಶ್ನೆ: ನನ್ನ ಕ್ಯಾಲ್ಕುಲೇಟರಿನಲ್ಲಿ sin 361 ಮತ್ತು sin 1 ಒಂದೇ ಬಂತಲ್ಲ?

ಉತ್ತರ: ಅದು ಡಿಗ್ರಿಯಲ್ಲಿದೆ. ಡಿಗ್ರಿಯಲ್ಲಿ ಒಟ್ಟು 181 ಬೆಲೆಗಳಷ್ಟೇ ತಿರುಗಿ ತಿರುಗಿ ಬರುತ್ತವೆ, ಲಿಮಿಟ್ ಪಾಯಿಂಟ್‌ಗಳೂ ಅಷ್ಟೇ. ರೇಡಿಯನ್‌ಗೆ ಬದಲಿಸಿ ಮತ್ತೆ ಒತ್ತಿ ನೋಡಿ.